ತೋಟ ಎಷ್ಟೆಕರೆ ಅಂತ ಕೇಳ್ಬೇಡಿ

ಹುಳಿಯಾರಲ್ಲೇ ಕೂತ್ರೆ ಸಂಜೆಯೊಳಗೆ ಮನೆಗೆ ಸುದ್ದಿ. ಅದಕ್ಕೇ ಮೊದಲ ಭೇಟಿ ತಿಪಟೂರಿನ ಬೇಕರಿಯಲ್ಲಿ ಅಂದ್ಕೊಳ್ಳಿ. ಹುಡುಗ ಶುರು ಮಾಡ್ದ: "ಏನ್ ಓದಿದೀರಾ? ಎಲ್ಲಿ ಕೆಲಸ? ತೋಟ ಎಷ್ಟಿದೆ?" ಮುಗೀತು, ಇಂಟರ್‌ವ್ಯೂ! ತೆಂಗಿನ ಸೀಮೆಯಲ್ಲಿ ಆ ಕೊನೇ ಪ್ರಶ್ನೆ ಬೀಗರಾಗೋರು ಕೇಳೋದು.

ಉತ್ತರ ಬಂದ ತಕ್ಷಣ ಬೇರೆ ವಿಷಯಕ್ಕೆ ಹಾರಿದ್ರೆ ಮಾತು ಸಾಯುತ್ತೆ. 2017ರಲ್ಲಿ ಹಾರ್ವರ್ಡ್ ಸಂಶೋಧಕರು ಸ್ಪೀಡ್ ಡೇಟಿಂಗ್ ಮಾತುಕತೆಗಳನ್ನ ನೋಡಿ ಕಂಡ್ಕೊಂಡಿದ್ದು: ಉತ್ತರದ ಎಳೆ ಹಿಡ್ಕೊಂಡೇ ಮುಂದೆ ಕೇಳ್ದೋರಿಗೆ ಎರಡನೇ ಭೇಟಿಗೆ ಒಪ್ಪಿಗೆ ಜಾಸ್ತಿ ಸಿಕ್ಕಿತ್ತು.

ಅವರು "ಡಿಗ್ರಿ ಇಲ್ಲೇ ತಿಪಟೂರಲ್ಲಿ" ಅಂದ್ರು ಅನ್ನಿ. "ಹುಳಿಯಾರಿಂದ ದಿನಾ ಬಸ್ಸಲ್ಲಾ? ಸೀಟು ಸಿಗ್ತಿತ್ತಾ?" ಅಂತ ಕೇಳಿ. ಗೆಳತಿ ಸೀಟಿಗೆ ಟವೆಲ್ ಹಾಕ್ತಿದ್ದ ಕಥೆ ಬರುತ್ತೆ. ಈಗ ಮತ್ತೊಂದು ಪ್ರಶ್ನೆ ಬೇಡ, ನಿಮ್ದೊಂದು ಹೇಳಿ: "ನಮ್ಮನೆ ಅಟ್ಟದಲ್ಲಿ ಕೊಬ್ಬರಿಗೆ ಕಾಯಿ ಹಾಕಿರೋರು. ರಾತ್ರಿ ಇಲಿ ಓಡಾಡಿದ್ರೆ ದೆವ್ವ ಅಂತ ಹೆದರ್ತಿದ್ದೆ." ಉಂಡೆ ಕೊಬ್ಬರಿ ಆಗೋಕೆ ಕಾಯಿ ಹತ್ತಿರತ್ತಿರ ಒಂದು ವರ್ಷ ಅಟ್ಟದ ಮೇಲಿರುತ್ತೆ. ಹಾಗಾಗಿ ಈ ಕಡೆ ಮನೆಮನೆಗೂ ಒಂದು ಅಟ್ಟದ ಕಥೆ ಇದ್ದೇ ಇರುತ್ತೆ, ಅವರ್ದೂ ಬರುತ್ತೆ.

ಮಾತು ನಿಂತ್ರೆ ಗಾಬರಿ ಬೀಳ್ಬೇಡಿ, ಒಂದು ಗುಟುಕು ಕಾಫಿ ಕುಡೀರಿ. ಆಮೇಲೆ ಅವರು ಹೇಳಿದ್ದಕ್ಕೇ ವಾಪಸ್ ಬನ್ನಿ: "ಆ ಟವೆಲ್ ಗೆಳತಿ ಈಗೆಲ್ಲಿದಾರೆ?"

ಇಷ್ಟಾದ್ರೂ ಬರೀ "ಹೂಂ, ಇಲ್ಲ" ಅಂತಾ, ನಿಮ್ಮನ್ನ ಏನೂ ಕೇಳ್ತಿಲ್ವಾ? ಅವರಿಗೆ ಮನಸ್ಸಿಲ್ಲ. ಬಿಲ್ ಕೊಟ್ಟು ಮರ್ಯಾದೆಯಾಗಿ ಎದ್ದುಬಿಡಿ.