ಶನಿವಾರ ರಜೆ ಇಲ್ಲ ಎಂದು ಬರೆಯುವುದು ಹೇಗೆ

2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಪಕ್ಕದ ಬೀದಿಯ ಸೌಹಾರ್ದ ಪತ್ತಿನ ಸಹಕಾರಿ ಬ್ಯಾಂಕ್ ಅಲ್ಲ. ಅಲ್ಲಿ ರಜೆ ಕೊಡುವುದು ಬಿಡುವುದು ಅದರ ಆಡಳಿತ ಮಂಡಳಿಗೆ ಸೇರಿದ್ದು. ಹೀಗಾಗಿ ಇಂಥ ಸಂಸ್ಥೆಗಳ ಸಿಬ್ಬಂದಿ ‘ನಮಗೂ ಕೊಡಿ’ ಎಂದು ಕೇಳುತ್ತಲೇ ಇರುತ್ತಾರೆ. ಒಂದು ಪ್ರಸಂಗ ಊಹಿಸಿಕೊಳ್ಳಿ. ನಾಲ್ಕು ಶಾಖೆಗಳ ಒಂದು ಸಹಕಾರಿ. ಮಂಡಳಿಯ ಸಭೆಯಲ್ಲಿ ಈ ಬೇಡಿಕೆ ಬರುತ್ತದೆ. ಅಧ್ಯಕ್ಷರು ‘ಆಗ್ಲಿ, ನೋಡೋಣ’ ಅನ್ನುತ್ತಾರೆ. ಅಲ್ಲೇ ಕೂತಿದ್ದ ವ್ಯವಸ್ಥಾಪಕರಿಗೆ ಅದು ಒಪ್ಪಿಗೆಯಂತೆ ಕೇಳಿಸುತ್ತದೆ. ಅದೇ ಮಂಗಳವಾರ, 3ನೇ ತಾರೀಖಿನ ಸಂಜೆ, ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ‘ಈ ತಿಂಗಳಿಂದಲೇ ಎರಡನೇ, ನಾಲ್ಕನೇ ಶನಿವಾರ ರಜೆ’ ಎಂದು ಹಾಕಿಬಿಡುತ್ತಾರೆ. ಗುರುವಾರ ನಡಾವಳಿಯ ಪ್ರತಿ ಕೈಗೆ ಬಂದಾಗ ಅದರಲ್ಲಿ ಬರೆದದ್ದು ಬೇರೆ: ‘ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.’

ಎರಡೇ ದಿನ. ಅಷ್ಟರಲ್ಲಿ ಒಬ್ಬ ಕ್ಯಾಷಿಯರ್ 14ರ ಶನಿವಾರಕ್ಕೆ ತವರಿಗೆ ಹೋಗಲು ರೈಲು ಟಿಕೆಟ್ ಮಾಡಿಸಿದ್ದಾರೆ. ಒಂದು ಶಾಖೆಯವರು ಶಟರ್ ಮೇಲೆ ಪ್ರಕಟಣೆ ಅಂಟಿಸಿದ್ದಾರೆ. ಪಿಗ್ಮಿ ಸಂಗ್ರಹಕ್ಕೆ ಹೋಗುವವರು ಅಂಗಡಿಯವರಿಗೆ ‘ಇನ್ನು ಶನಿವಾರದ್ದೂ ಶುಕ್ರವಾರವೇ ಕೊಟ್ಟುಬಿಡಿ’ ಎಂದು ಹೇಳಿಯೂ ಆಗಿದೆ.

ಗುರುವಾರ ರಾತ್ರಿ ವ್ಯವಸ್ಥಾಪಕರು ಮುಖ್ಯ ಕಚೇರಿಯ ಲೆಕ್ಕಿಗರಿಗೆ ಒಂದು ಕರಡು ಕಳಿಸುತ್ತಾರೆ. ‘ಮೇಡಂ, ಇದನ್ನ ಗ್ರೂಪಿಗೆ ಹಾಕ್ಲಾ, ನೋಡಿ ಹೇಳಿ’ ಎಂಬ ಮಾತಿನೊಂದಿಗೆ:

‘ಎಲ್ರಿಗೂ ನಮಸ್ಕಾರ. ಶನಿವಾರದ ರಜೆ ವಿಷಯದಲ್ಲಿ ಸ್ವಲ್ಪ ಕನ್‌ಫ್ಯೂಸ್ ಆಗಿದೆ. ಮಂಡಳಿಯವರು ಮೊದ್ಲು ಒಂಥರ ಹೇಳಿ ಈಗ ಇನ್ನೊಂಥರ ಹೇಳ್ತಿದಾರೆ. ನಿಮಗೆಲ್ಲ ಖುಷಿ ಆಗ್ಲಿ ಅಂತ್ಲೇ ನಾನು ಬೇಗ ತಿಳಿಸಿದ್ದು. ಸದ್ಯಕ್ಕೆ ಫೈನಲ್ ಆಗಿಲ್ಲ, ನೋಡೋಣ. ಯಾರಿಗಾದ್ರೂ ತೊಂದ್ರೆ ಆಗಿದ್ರೆ ಸಾರಿ. ಬೇಜಾರ್ ಮಾಡ್ಕೋಬೇಡಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’

ಲೆಕ್ಕಿಗರ ಉತ್ತರ ಒಂದೇ ಸಾಲು: ‘ಸರ್, ಇದನ್ನ ಓದಿದ್ರೆ 14ಕ್ಕೆ ಕೆಲಸಕ್ಕೆ ಬರಬೇಕೋ ಬೇಡ್ವೋ ಅನ್ನೋದೇ ಗೊತ್ತಾಗಲ್ವಲ್ಲ.’

ಎಲ್ಲಕ್ಕಿಂತ ದೊಡ್ಡ ಕೊರತೆ ಅದೇ. ಕ್ಷಮೆ ಕೇಳುವ ಆತಂಕದಲ್ಲಿ ಬರೆಯುವವರ ಗಮನವೆಲ್ಲ ತಮ್ಮ ಮಾನದ ಮೇಲಿರುತ್ತದೆ. ಓದುವವರಿಗೆ ಮೊದಲು ಬೇಕಾದದ್ದು ಸರಿಯಾದ ಸುದ್ದಿ. ‘ಸದ್ಯಕ್ಕೆ ಫೈನಲ್ ಆಗಿಲ್ಲ’ ಎಂದರೆ ಅರ್ಧ ಜನ ರಜೆ ಇದೆ ಎಂದೂ ಇನ್ನರ್ಧ ಜನ ಇಲ್ಲ ಎಂದೂ ತಿಳಿಯುತ್ತಾರೆ. ಸಭೆಯಲ್ಲಿ ಅಧ್ಯಕ್ಷರ ‘ನೋಡೋಣ’ದಿಂದ ಶುರುವಾದ ಅನಾಹುತಕ್ಕೆ ಮದ್ದಾಗಿ ಇನ್ನೊಂದು ‘ನೋಡೋಣ’ ಹೊರಟಿದೆ.

ಮುಂದಿನ ತೊಂದರೆ ಕ್ರಿಯಾಪದದಲ್ಲಿದೆ. ‘ಕನ್‌ಫ್ಯೂಸ್ ಆಗಿದೆ’ ಎನ್ನುವಾಗ ಮಾಡಿದವರು ಯಾರೂ ಇಲ್ಲ, ಮಳೆ ಬಂದ ಹಾಗೆ ಅದು ತಾನೇ ಬಂದಿದೆ. ಮುಂದಿನ ವಾಕ್ಯದಲ್ಲಿ ಕರ್ತೃ ಕಾಣಿಸುತ್ತಾನೆ ನಿಜ, ಆದರೆ ಅದು ಮಂಡಳಿ. ನಡಾವಳಿ ಹೇಳುವಂತೆ ಮಂಡಳಿ ಮಾತು ಬದಲಿಸಿಯೇ ಇಲ್ಲ. ಈ ಮಾತು ಸುಳ್ಳಾದ್ದರಿಂದ ನಾಳೆ ಯಾವುದೋ ನಿರ್ದೇಶಕರ ಕಿವಿಗೆ ಬಿದ್ದರೆ ಇನ್ನೊಂದು ಕ್ಷಮಾಪಣೆ ಬರೆಯಬೇಕಾಗುತ್ತದೆ. ‘ಖುಷಿ ಆಗ್ಲಿ ಅಂತ’ ಎಂಬುದು ಬಹುಶಃ ನಿಜವೇ. ಆದರೂ ಟಿಕೆಟ್ ರದ್ದು ಮಾಡಿಸಬೇಕಾದ ಕ್ಯಾಷಿಯರ್‌ಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

‘ತೊಂದ್ರೆ ಆಗಿದ್ರೆ’ ಎಂಬ ‘ರೆ’ಯನ್ನು ಲೆಕ್ಕಿಗರು ಸರಿಯಾಗಿಯೇ ಹಿಡಿದರು ಅನ್ನಿ. ತೊಂದರೆ ಆಗಿದೆ, ಯಾರಿಗೆ ಏನಾಗಿದೆ ಎಂಬುದೂ ಗೊತ್ತು. ಗೊತ್ತಿದ್ದೂ ‘ಆಗಿದ್ರೆ’ ಎಂದು ಬರೆದರೆ, ತೊಂದರೆ ಆಗಿದೆ ಎಂದು ಸಾಬೀತು ಮಾಡುವ ಕೆಲಸ ಪೆಟ್ಟು ತಿಂದವರ ತಲೆಗೇ ಬರುತ್ತದೆ.

ಕೊನೆಯ ಸಾಲಿನ ಬೇಡಿಕೆಗೆ ಸಂಶೋಧನೆಯ ನೆರಳೂ ಇದೆ. 2016ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು ಕ್ಷಮಾಪಣೆಯ ಆರು ಭಾಗಗಳನ್ನು ಬೇರೆ ಬೇರೆ ಮಾಡಿ, ಯಾವುದು ಎಷ್ಟು ಪರಿಣಾಮ ಮಾಡುತ್ತದೆ ಎಂದು ಪರೀಕ್ಷಿಸಿದರು. ವಿಷಾದ, ಏನಾಯಿತೆಂಬ ವಿವರಣೆ, ಹೊಣೆ ಒಪ್ಪಿಕೊಳ್ಳುವುದು, ಮತ್ತೆ ಹೀಗೆ ಮಾಡುವುದಿಲ್ಲ ಎಂಬ ಮಾತು, ಸರಿಪಡಿಸುವ ಭರವಸೆ, ಕ್ಷಮೆಯ ಕೋರಿಕೆ ಆ ಆರು. ಹೆಚ್ಚು ತೂಗಿದ್ದು ಹೊಣೆ ಒಪ್ಪಿಕೊಳ್ಳುವುದು. ಅದರ ನಂತರದ ಸ್ಥಾನ ಸರಿಪಡಿಸುವ ಭರವಸೆಗೆ. ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಕ್ಷಮಿಸಿಬಿಡಿ ಎಂಬ ಕೋರಿಕೆ. ನಮ್ಮ ಕರಡಿನಲ್ಲಿ ಈ ಕೊನೆಯದು ಧಾರಾಳವಾಗಿದೆ, ಮೊದಲ ಎರಡು ಇಲ್ಲವೇ ಇಲ್ಲ.

ಸರಿ, ತಿದ್ದೋಣವೆಂದರೆ ಭಾಷೆ ತಿದ್ದಿದರೆ ಸಾಲದು. ಕೆಲವು ಸಂಗತಿಗಳು ಬರೆಯುವವರ ಕೈಯಲ್ಲೇ ಇಲ್ಲ. ಆದ್ದರಿಂದ ಶುಕ್ರವಾರ ಬೆಳಗ್ಗೆ ಮೊದಲ ಕೆಲಸ ಅಧ್ಯಕ್ಷರಿಗೆ ಫೋನ್. 14ಕ್ಕೂ 28ಕ್ಕೂ ಶಾಖೆ ತೆರೆದಿರುತ್ತದೆ, ಅಲ್ಲವೇ? ಮುಂದಿನ ಸಭೆ ಯಾವಾಗ? ಟಿಕೆಟ್ ರದ್ದಿನ ಖರ್ಚನ್ನು ಸಾದಿಲ್ವಾರಿನಲ್ಲಿ ಕೊಡಬಹುದೇ? ಈ ಸಲ ‘ನೋಡೋಣ’ ಬಂದರೆ ಒಪ್ಪಬಾರದು, ಹೌದು ಅಥವಾ ಇಲ್ಲ ಎಂಬ ಉತ್ತರ ಬೇಕು, ಅದೂ ಒಂದು ಸಾಲಿನ ಸಂದೇಶವಾಗಿ ಬರಹದಲ್ಲಿ. ಒಪ್ಪಿಗೆ ಸಿಗದ ಖರ್ಚನ್ನು ಕೊಡುತ್ತೇನೆಂದು ಬರೆದರೆ ಮತ್ತೊಂದು ತಪ್ಪು ಪ್ರಕಟಣೆ ಆಗುತ್ತದೆ. ಎರಡನೆಯ ಫೋನ್ ಕ್ಯಾಷಿಯರ್‌ಗೆ. ಹೆಚ್ಚು ಪೆಟ್ಟು ಬಿದ್ದವರು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಪತ್ರ ಓದಿ ತಿಳಿಯುವಂತಾಗಬಾರದು.

ಇಷ್ಟಾದ ಮೇಲೆ ಲೆಕ್ಕಿಗರೂ ವ್ಯವಸ್ಥಾಪಕರೂ ಕೂತು ಬರೆದ ಇಮೇಲ್ ಹೀಗಿರುತ್ತದೆ. ವಿಷಯದ ಸಾಲು: ‘ತಿದ್ದುಪಡಿ – 14 ಮತ್ತು 28ರ ಶನಿವಾರ ರಜೆ ಇಲ್ಲ’.

‘ಆತ್ಮೀಯರೇ,

ಈ ತಿಂಗಳ 14 ಮತ್ತು 28ರ ಶನಿವಾರಗಳಂದು ನಾಲ್ಕೂ ಶಾಖೆಗಳು ಎಂದಿನಂತೆ ತೆರೆದಿರುತ್ತವೆ. ಮಂಗಳವಾರ ನಾನು ಗುಂಪಿನಲ್ಲಿ ತಿಳಿಸಿದ ರಜೆ ಜಾರಿಗೆ ಬಂದಿಲ್ಲ.

ಮಂಡಳಿ ಈ ವಿಷಯವನ್ನು ಚರ್ಚಿಸಿ ಮುಂದಿನ ಸಭೆಗೆ ಇಟ್ಟಿತ್ತು. ನಾನು ಅದನ್ನು ಒಪ್ಪಿಗೆ ಎಂದು ತಿಳಿದು, ನಡಾವಳಿ ಬರುವ ಮೊದಲೇ ನಿಮಗೆ ಹೇಳಿದೆ. ತಪ್ಪು ನನ್ನದು. ನನ್ನ ಮಾತನ್ನು ನಂಬಿ ನಿಮ್ಮಲ್ಲಿ ಕೆಲವರು ಟಿಕೆಟ್ ಮಾಡಿಸಿದ್ದೀರಿ, ಗ್ರಾಹಕರಿಗೆ ತಿಳಿಸಿದ್ದೀರಿ. ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ.

ಟಿಕೆಟ್ ರದ್ದು ಮಾಡಿಸಿದವರು ಕಡಿತವಾದ ಹಣದ ವಿವರವನ್ನು 11ರ ಬುಧವಾರದೊಳಗೆ ನನಗೆ ಕಳಿಸಿ. ಅದನ್ನು ಕಚೇರಿಯಿಂದ ಕೊಡಲು ಅಧ್ಯಕ್ಷರು ಒಪ್ಪಿದ್ದಾರೆ. ಪ್ರಯಾಣ ಬದಲಿಸಲು ಆಗದವರಿಗೆ 14ರಂದು ಸಾಂದರ್ಭಿಕ ರಜೆ ಮಂಜೂರು ಮಾಡುತ್ತೇನೆ, ಇಂದೇ ತಿಳಿಸಿದರೆ ಬದಲಿ ವ್ಯವಸ್ಥೆ ನಾನು ನೋಡಿಕೊಳ್ಳುತ್ತೇನೆ. ಶಟರ್ ಮೇಲಿನ ಪ್ರಕಟಣೆಯನ್ನು ದಯವಿಟ್ಟು ಇಂದೇ ತೆಗೆಯಿರಿ. ಪಿಗ್ಮಿ ಗ್ರಾಹಕರು ಕೇಳಿದರೆ ಶನಿವಾರದ ಸಂಗ್ರಹ ಎಂದಿನಂತೆ ಇದೆ, ತಪ್ಪು ಮಾಹಿತಿ ಕೊಟ್ಟದ್ದು ಕಚೇರಿ ಎಂದು ಹೇಳಿ.

ಮಂಡಳಿಯ ಮುಂದಿನ ಸಭೆ 24ರ ಮಂಗಳವಾರ. ಅಲ್ಲಿ ಏನು ತೀರ್ಮಾನವಾಯಿತು ಎಂಬುದನ್ನು, ನಡಾವಳಿ ನೋಡಿದ ಮೇಲೆ, 26ರೊಳಗೆ ತಿಳಿಸುತ್ತೇನೆ.’

ಮೊದಲ ಎರಡು ವಾಕ್ಯದಲ್ಲಿ ಕ್ಷಮೆಯ ಸುಳಿವೇ ಇಲ್ಲದ್ದನ್ನು ಕೆಲವರು ಒರಟುತನ ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಮೊಬೈಲಿನ ಪರದೆಯಲ್ಲಿ ಪತ್ರ ತೆರೆಯುವ ಮೊದಲೇ ಕಾಣುವುದು ವಿಷಯದ ಸಾಲು ಮತ್ತು ಮೊದಲ ಐದಾರು ಪದ. ಕೌಂಟರಿನಲ್ಲಿ ಕೂತವರು ಅಷ್ಟನ್ನೇ ಓದಿ ಬದಿಗಿಟ್ಟರೂ ಅವರಿಗೆ ಬೇಕಾದ್ದು ಸಿಕ್ಕಿರುತ್ತದೆ. ಪಿಗ್ಮಿಯವರ ಸಾಲೂ ಸುಮ್ಮನೆ ಬಂದದ್ದಲ್ಲ. ದಿನಾ ಅಂಗಡಿ ಅಂಗಡಿ ತಿರುಗಿ ಹಣ ತರುವವರ ಬಂಡವಾಳವೇ ಮಾತು. ಆ ಮಾತು ತಪ್ಪಿದ್ದು ತಮ್ಮಿಂದಲ್ಲ ಎಂದು ಹೇಳಿಕೊಳ್ಳಲು ಅವರಿಗೆ ಕಚೇರಿಯ ಅನುಮತಿ ಬೇಕು.

‘ತಪ್ಪು ನನ್ನದು’ ಎಂಬುದನ್ನು ಒಂದೇ ಸಲ ಹೇಳಿ ಮುಂದೆ ಹೋಗಿರುವುದನ್ನೂ ಗಮನಿಸಿ. ಇದನ್ನೇ ನಾಲ್ಕು ಸಲ, ‘ನಾನು ಈ ಹುದ್ದೆಗೇ ಲಾಯಕ್ಕಲ್ಲ’ ಎಂಬಲ್ಲಿಗೆ ಎಳೆದರೆ ಸಿಬ್ಬಂದಿ ಟಿಕೆಟ್ ಚಿಂತೆ ಬಿಟ್ಟು ಸಾಹೇಬರಿಗೆ ಸಮಾಧಾನ ಹೇಳಬೇಕಾಗುತ್ತದೆ. ‘ಇರ್ಲಿ ಬಿಡಿ ಸರ್, ಪರವಾಗಿಲ್ಲ’ ಎಂಬ ಉತ್ತರಗಳು ಸಾಲಾಗಿ ಬಂದರೆ ಪತ್ರ ಗೆದ್ದಿತು ಎಂದು ತಿಳಿಯಬೇಡಿ. ಟಿಕೆಟ್‌ನ ವಿವರ ಬಂತೇ, ಶಟರ್ ಮೇಲಿನ ಕಾಗದ ಇಳಿಯಿತೇ, ಅಷ್ಟು ನೋಡಿದರೆ ಸಾಕು. ‘ಹಾಗಾದ್ರೆ 28ಕ್ಕೆ?’ ಎಂದು ಒಬ್ಬರಾದರೂ ಕೇಳಿದರೆ ಮೊದಲ ವಾಕ್ಯ ಇನ್ನೂ ಮಸುಕಾಗಿದೆ ಎಂದರ್ಥ.

ಇಂಥ ಪತ್ರಕ್ಕೆ ಹೊಸ ಸುದ್ದಿ ಕಟ್ಟುವ ಆಸೆಯೂ ಹುಟ್ಟುತ್ತದೆ. ಹೇಗೂ ಬರೆಯುತ್ತಿದ್ದೇವೆ, ಹಾಜರಾತಿಯ ಹೊಸ ಕ್ರಮವನ್ನೂ ಇಲ್ಲೇ ಹೇಳಿಬಿಡೋಣ ಅನ್ನಿಸುತ್ತದೆ. ದೊಡ್ಡವರೇ ಇದರಲ್ಲಿ ಜಾರಿದ್ದಾರೆ. 2011ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಶುಲ್ಕದ ಏರ್ಪಾಡು ಬದಲಿಸಿ ಗ್ರಾಹಕರ ಸಿಟ್ಟಿಗೆ ಗುರಿಯಾಯಿತು. ಸೆಪ್ಟೆಂಬರ್ 18ರಂದು ಅದರ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಕ್ಷಮಾಪಣೆ ಬರೆದರು. ತಪ್ಪು ಮಾಡಿದೆ ಎಂದು ನೇರವಾಗಿ ಒಪ್ಪಿಕೊಂಡದ್ದೇನೋ ಚೆನ್ನಾಗಿತ್ತು. ಆದರೆ ಅದೇ ಪತ್ರದಲ್ಲಿ ಡಿವಿಡಿ ಬಾಡಿಗೆಯ ವ್ಯವಹಾರವನ್ನು ‘ಕ್ವಿಕ್‌ಸ್ಟರ್’ ಎಂಬ ಬೇರೆ ಹೆಸರಿನಲ್ಲಿ ಒಡೆಯುವ ಸುದ್ದಿಯೂ ಇತ್ತು. ಜನ ಇನ್ನಷ್ಟು ಕೆರಳಿದರು. ಅಕ್ಟೋಬರ್ 10ಕ್ಕೆ ಆ ಯೋಜನೆಯನ್ನೂ ಕೈಬಿಡಬೇಕಾಯಿತು.

ಇನ್ನು ಮಂಗಳವಾರದ ಆ ಮೂಲ ಸಂದೇಶ. ಎರಡು ದಿನಕ್ಕೂ ಹೆಚ್ಚು ಕಾಲ ಅದನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅವಕಾಶ ವಾಟ್ಸ್‌ಆ್ಯಪ್‌ನಲ್ಲಿದೆ, ಅಳಿಸಬೇಕೆಂದು ಬೆರಳೂ ತುರಿಸುತ್ತದೆ. ಅಳಿಸಿದರೆ ಅಲ್ಲಿ ಅಳಿಸಿದ ಗುರುತು ಉಳಿಯುತ್ತದೆ, ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. ಅದಕ್ಕಿಂತ ಆ ಸಂದೇಶಕ್ಕೇ ಉತ್ತರವಾಗಿ ‘ಇದು ತಪ್ಪು. 14, 28 ರಜೆ ಇಲ್ಲ. ವಿವರ ಇಮೇಲ್‌ನಲ್ಲಿದೆ’ ಎಂದು ಹಾಕುವುದು ಲೇಸು. ಹಳೆಯದನ್ನು ತಡವಾಗಿ ಓದಿದವರಿಗೂ ತಿದ್ದುಪಡಿ ಒಟ್ಟಿಗೇ ಕೈಗೆ ಸಿಗುತ್ತದೆ. ಇಮೇಲ್ ಬೇಕಾದದ್ದು ಖರ್ಚಿನ ಮಾತಿಗಾಗಿ. ಗುಂಪಿನ ಶುಭೋದಯಗಳ ನಡುವೆ ಅದು ಮುಳುಗಿಹೋದರೆ ಕ್ಯಾಷಿಯರ್ ಹಣ ಕೇಳುವಾಗ ತೋರಿಸಲು ಏನೂ ಇರುವುದಿಲ್ಲ.

24ರ ಸಭೆಯಲ್ಲಿ ಮಂಡಳಿ ರಜೆಗೆ ನಿಜವಾಗಿಯೂ ಒಪ್ಪಿಬಿಡಬಹುದು. ಆಗ ‘ನಾನು ಮೊದಲೇ ಹೇಳಿರಲಿಲ್ಲವೇ’ ಎಂಬ ಸಾಲು ತಾನಾಗಿ ಬೆರಳ ತುದಿಗೆ ಬರುತ್ತದೆ. ಅದನ್ನು ಬಿಟ್ಟು ಠರಾವಿನ ಸಂಖ್ಯೆ, ಜಾರಿಯಾಗುವ ತಾರೀಖು, ಮೊದಲ ರಜೆಯ ಶನಿವಾರ ಯಾವುದು ಎಂಬಷ್ಟನ್ನು ಬರೆದರೆ ಆಯಿತು. ವಿಷಯ ಮತ್ತೆ ಮುಂದಕ್ಕೆ ಹೋದರೂ 26ಕ್ಕೆ ಪತ್ರ ಹೋಗಲೇಬೇಕು, ‘ತೀರ್ಮಾನವಾಗಿಲ್ಲ, 28ಕ್ಕೆ ಶಾಖೆ ತೆರೆದಿರುತ್ತದೆ’ ಎಂಬ ಒಂದೇ ಸಾಲಾದರೂ.