ಹಿಟ್ಟು ನೀರು ಕುಡಿಯುವ ಹೊತ್ತು

ಚಪಾತಿ ಗಟ್ಟಿಯಾದರೆ ನಾವು ಮೊದಲು ದೂರುವುದು ಒಲೆಯನ್ನು. ಉರಿ ಜಾಸ್ತಿಯಾಯಿತು, ಎಣ್ಣೆ ಸಾಲಲಿಲ್ಲ ಎನ್ನುತ್ತೇವೆ. ಆದರೆ ಚಪಾತಿ ಹಂಚಿನ ಮೇಲಿರುವುದು ಹೆಚ್ಚೆಂದರೆ ಒಂದೂವರೆ ನಿಮಿಷ. ಅದಕ್ಕೆ ಮುಂಚೆ ಹಿಟ್ಟು ಅರ್ಧ ಗಂಟೆಗೂ ಮಿಕ್ಕಿ ಪಾತ್ರೆಯಲ್ಲಿರುತ್ತದೆ. ಬೆಳಿಗ್ಗೆ ಡಬ್ಬಿಗೆ ಹಾಕಿದ ಚಪಾತಿ ಮಧ್ಯಾಹ್ನ ಮುರಿಯುತ್ತದೋ ಮಡಚಿಕೊಳ್ಳುತ್ತದೋ ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗಿರುತ್ತದೆ. ದುಂಡಗೆ ಬರುತ್ತದೋ ಇಲ್ಲವೋ ಎಂಬುದೂ ಅಷ್ಟೇ.

ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ, ಚಪಾತಿ ಎರಡೂ ಒಂದೇ ಹಂಚಿನ ಮೇಲೆ ಬೇಯುತ್ತವೆ. ಆದರೆ ಹಿಟ್ಟು ಕಲಸುವ ಕ್ರಮ ಬೇರೆ ಬೇರೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ಯಲೇಬೇಕು. ಅದರಲ್ಲಿ ಗ್ಲುಟೆನ್ ಇಲ್ಲದ ಕಾರಣ, ಬಿಸಿನೀರಿಗೆ ಪಿಷ್ಟ ಬೆಂದು ಜಿಗುಟಾದರೆ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದೆ. ಗೋಧಿಯ ಕತೆ ಹಾಗಲ್ಲ. ಅದರಲ್ಲಿರುವ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಪ್ರೋಟೀನುಗಳು ನೀರು ಸಿಕ್ಕೊಡನೆ ಹೆಣೆದುಕೊಂಡು ಗ್ಲುಟೆನ್ನಿನ ಜಾಲವಾಗುತ್ತವೆ. ಮೊದಲನೆಯದು ಹಿಟ್ಟಿಗೆ ಬಿಗಿ ಕೊಡುತ್ತದೆ, ಎರಡನೆಯದು ಹಿಗ್ಗುವ ಗುಣ ಕೊಡುತ್ತದೆ. ಚಪಾತಿಯನ್ನು ತಟ್ಟದೆ ತೆಳ್ಳಗೆ ಲಟ್ಟಿಸಲು ಸಾಧ್ಯವಾಗಿರುವುದು ಈ ಜಾಲದಿಂದ. ಹೀಗಾಗಿ ಗೋಧಿಗೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಕುದಿನೀರು ಹೊಯ್ದರೆ ಜಾಲ ಸಡಿಲವಾಗುತ್ತದೆ, ಹಿಟ್ಟು ಕೈಗೂ ಮಣೆಗೂ ಅಂಟತೊಡಗುತ್ತದೆ.

ನೀರೆಷ್ಟು? ನಾಲ್ಕು ಜನರ ಒಂದು ಊಟದ ಲೆಕ್ಕ ಹಿಡಿಯೋಣ. 250 ಗ್ರಾಂ ಗೋಧಿ ಹಿಟ್ಟು, ಅರ್ಧ ಚಮಚ ಉಪ್ಪು. ಇದಕ್ಕೆ ಸುಮಾರು 165 ಮಿಲಿ ನೀರು ಹಿಡಿಯುತ್ತದೆ, ಎಂದರೆ ಹಿಟ್ಟಿನ ತೂಕದ ಮೂರನೇ ಎರಡು ಭಾಗ. ಆದರೆ ಇದು ಎಲ್ಲ ಹಿಟ್ಟಿಗೂ ಒಂದೇ ಅಲ್ಲ, 150ರಿಂದ 180 ಮಿಲಿವರೆಗೂ ಆಗಬಹುದು. ಗಿರಣಿಯ ಕಲ್ಲಿನ ನಡುವೆ ಗೋಧಿ ಬಿಸಿಯಾಗಿ ಅರೆಯುವಾಗ ಪಿಷ್ಟದ ಕಣಗಳು ಸಾಕಷ್ಟು ಒಡೆಯುತ್ತವೆ. ಒಡೆದ ಕಣ ಇಡೀ ಕಣಕ್ಕಿಂತ ಹಲವು ಪಟ್ಟು ನೀರು ಹೀರುತ್ತದೆ. ತೌಡೂ ನೀರು ಹೀರುತ್ತದೆ, ಆದರೆ ನಿಧಾನವಾಗಿ. ಆದ್ದರಿಂದ ಗಿರಣಿಯಲ್ಲಿ ಬೀಸಿಸಿ, ಜರಡಿ ಹಿಡಿಯದೆ ಬಳಸುವ ಹಿಟ್ಟಿಗೆ ನೀರು ಹೆಚ್ಚು ಬೇಕು. ಮೈದಾ ಬೆರೆತ ನುಣುಪು ಹಿಟ್ಟಿಗೆ ಕಡಿಮೆ ಸಾಕು. ಹೆಚ್ಚು ನೀರು ಹಿಡಿದಿಟ್ಟುಕೊಂಡ ಹಿಟ್ಟಿನ ಚಪಾತಿಯೇ ಹೆಚ್ಚು ಹೊತ್ತು ಮೆತ್ತಗಿರುತ್ತದೆ. ಗಿರಣಿ ಹಿಟ್ಟಿಗೆ ಇರುವ ಹೆಸರು ಇದರಿಂದ ಬಂದದ್ದು.

ನೀರನ್ನು ಒಂದೇ ಸಲ ಸುರಿಯಬಾರದು. ಮೊದಲು 140 ಮಿಲಿ ಹಾಕಿ ಬೆರಳ ತುದಿಯಿಂದ ಕಲಸಿದರೆ ಹಿಟ್ಟು ಒರಟು ಉಂಡೆಗಳಾಗಿ ನಿಲ್ಲುತ್ತದೆ, ತಳದಲ್ಲಿ ಒಂದಿಷ್ಟು ಒಣಹಿಟ್ಟು ಉಳಿದಿರುತ್ತದೆ. ಉಳಿದ ನೀರನ್ನು ಆ ಒಣಹಿಟ್ಟಿನ ಮೇಲೆ ಚಮಚ ಚಮಚವಾಗಿ ಚಿಮುಕಿಸುತ್ತಾ ಎಲ್ಲವನ್ನೂ ಒಟ್ಟುಗೂಡಿಸಬೇಕು. ಈ ಹಂತದಲ್ಲಿ ಹಿಟ್ಟು ಬೆರಳಿಗೆ ಸ್ವಲ್ಪ ಅಂಟಿದರೆ ಗಾಬರಿಯಾಗಿ ಒಣಹಿಟ್ಟು ಉದುರಿಸುವುದೇ ಹೆಚ್ಚಿನವರು ಮಾಡುವ ತಪ್ಪು. ತೌಡು ಇನ್ನೂ ನೀರು ಕುಡಿದಿರುವುದಿಲ್ಲ. ಈಗ ಸರಿಯಾಗಿದೆ ಎನಿಸುವ ಹಿಟ್ಟು ಅರ್ಧ ಗಂಟೆಯ ನಂತರ ಬಿಗಿಯಾಗಿರುತ್ತದೆ. ಈಗ ತುಸು ಮೆದು ಎನಿಸುವುದು ಆಗ ಹದಕ್ಕೆ ಬಂದಿರುತ್ತದೆ.

ಇನ್ನು ನಾದುವುದು. ಅಂಗೈಯ ಬುಡದಿಂದ ಹಿಟ್ಟನ್ನು ಮುಂದಕ್ಕೆ ಒತ್ತಿ, ಮಡಚಿ, ಕಾಲು ಸುತ್ತು ತಿರುಗಿಸಿ ಮತ್ತೆ ಒತ್ತಬೇಕು. ಐದಾರು ನಿಮಿಷ ಹೀಗೆ ನಾದುವಷ್ಟರಲ್ಲಿ ಒರಟು ಮೈ ನುಣುಪಾಗುತ್ತದೆ, ಪಾತ್ರೆಯ ಗೋಡೆಗೆ ಮೆತ್ತಿದ್ದ ಹಿಟ್ಟು ತಾನಾಗಿಯೇ ಬಿಟ್ಟುಕೊಂಡು ಬರುತ್ತದೆ. ಕೊನೆಗೆ ಒಂದು ಚಮಚ ಎಣ್ಣೆ ಸವರಿ ನಾಲ್ಕು ಸಲ ನಾದಿದರೆ ಸಾಕು. ಎಣ್ಣೆಯನ್ನು ನೀರಿಗಿಂತ ಮುಂಚೆ ಹೆಚ್ಚಾಗಿ ಹಾಕಿದರೆ ಅದು ಹಿಟ್ಟಿನ ಕಣಗಳಿಗೆ ಪೊರೆಯಂತೆ ಕಟ್ಟಿಕೊಂಡು ನೀರನ್ನು ತಡೆಯುತ್ತದೆ.

ನಂತರ ಒದ್ದೆ ಬಟ್ಟೆ ಮುಚ್ಚಿ 20ರಿಂದ 30 ನಿಮಿಷ ನೆನೆಯಲು ಬಿಡಬೇಕು. ಧಾರವಾಡದ ಖಾನಾವಳಿಯೊಂದರಲ್ಲಿ ಚಪಾತಿ ಮಾಡುವ ಅಕ್ಕ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ನೀರ ಹಾಕೂದು ನಮ್ಮ ಕೆಲಸರೀ, ಕುಡಿಯೂದು ಹಿಟ್ಟಿನ ಕೆಲಸ. ಅದಕ್ಕ ಹೊತ್ತು ಕೊಡಬೇಕಲ್ರೀ." ಈ ಹೊತ್ತಿನಲ್ಲಿ ಎರಡು ಕೆಲಸ ನಡೆಯುತ್ತವೆ. ತೌಡಿಗೂ ಪಿಷ್ಟಕ್ಕೂ ನೀರು ಸಮವಾಗಿ ಇಳಿಯುತ್ತದೆ. ನಾದುವಾಗ ಬಿಗಿದಿದ್ದ ಗ್ಲುಟೆನ್ ಸಡಿಲಗೊಳ್ಳುತ್ತದೆ. ನೆನೆದದ್ದು ಸಾಕೇ ಎಂದು ತಿಳಿಯಲು ಬೆರಳಿನಿಂದ ಒತ್ತಿ ನೋಡಿ. ಕುಳಿ ಕೂಡಲೇ ಪುಟಿದು ಮುಚ್ಚಿಕೊಂಡರೆ ಹಿಟ್ಟಿಗೆ ಇನ್ನೂ ಹೊತ್ತು ಬೇಕು. ನಿಧಾನವಾಗಿ, ಅರ್ಧಕ್ಕೆ ಮಾತ್ರ ತುಂಬಿಕೊಂಡರೆ ಹದವಾಗಿದೆ. ಬೇಸಿಗೆಯಲ್ಲಿ ಎರಡು ಗಂಟೆ ಮೀರಿ ಹೊರಗಿಟ್ಟರೆ ಹಿಟ್ಟು ಹುಳಿಯತೊಡಗುತ್ತದೆ. ಫ್ರಿಜ್ಜಿನಲ್ಲಿಟ್ಟ ಹಿಟ್ಟು ಮರುದಿನ ಮೇಲ್ಮೈಯಲ್ಲಿ ಕಪ್ಪಾಗುವುದು ತೌಡಿನಲ್ಲಿರುವ ಕಿಣ್ವದ ಕೆಲಸ.

ಚಪಾತಿ ಭೂಪಟದ ಆಕಾರಕ್ಕೆ ತಿರುಗುವುದಕ್ಕೂ ಕಾರಣ ಇಲ್ಲೇ ಸಿಗುತ್ತದೆ. ನೆನೆಯದ ಹಿಟ್ಟನ್ನು ಲಟ್ಟಿಸಿದರೆ ಲಟ್ಟಣಿಗೆ ಎತ್ತಿದೊಡನೆ ಅದು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ನಾವು ಮತ್ತಷ್ಟು ಒತ್ತುತ್ತೇವೆ, ಒಂದು ಕಡೆ ತೆಳುವಾಗಿ ಇನ್ನೊಂದು ಕಡೆ ದಪ್ಪ ಉಳಿಯುತ್ತದೆ. ನೆನೆದ ಹಿಟ್ಟು ಹೋದಲ್ಲಿ ನಿಲ್ಲುತ್ತದೆ. ಮೇಲೆ ಹೇಳಿದ ಅಳತೆಗೆ 40 ಗ್ರಾಮಿನ ಹತ್ತು ಉಂಡೆಗಳಾಗುತ್ತವೆ. ಉಂಡೆಯಲ್ಲಿ ಬಿರುಕಿದ್ದರೆ ಅದೇ ಮುಂದೆ ಚಪಾತಿಯ ಅಂಚಿನ ಸೀಳಾಗುತ್ತದೆ. ಆದ್ದರಿಂದ ಅಂಗೈಗಳ ನಡುವೆ ನುಣ್ಣಗೆ ಉರುಟಿ, ಚಪ್ಪಟೆ ಮಾಡಿಕೊಳ್ಳಬೇಕು. ಲಟ್ಟಣಿಗೆಯ ಒತ್ತಡ ನಡುವಿಗಿಂತ ಅಂಚಿನ ಕಡೆಗೆ ಹೆಚ್ಚಿರಲಿ. ಕೈ ಪಳಗಿದ ಮೇಲೆ ಚಪಾತಿ ಮಣೆಯ ಮೇಲೆ ತಾನೇ ಸುತ್ತತೊಡಗುತ್ತದೆ. ಅದುವರೆಗೆ ಎರಡು ಸಲ ಲಟ್ಟಿಸಿ ಕಾಲು ಸುತ್ತು ತಿರುಗಿಸುವುದೇ ಸುಲಭದ ದಾರಿ. ಒಣಹಿಟ್ಟು ಆದಷ್ಟು ಕಡಿಮೆ ಬಳಸಿ, ಹೆಚ್ಚಾದದ್ದನ್ನು ಹಂಚಿಗೆ ಹಾಕುವ ಮುನ್ನ ಕೊಡವಬೇಕು. ಇಲ್ಲದಿದ್ದರೆ ಅದು ಹೊತ್ತಿ ಕಹಿಯಾಗುತ್ತದೆ, ಚಪಾತಿಯನ್ನೂ ಒಣಗಿಸುತ್ತದೆ.

ಹಂಚು ಚೆನ್ನಾಗಿ ಕಾದಿರಬೇಕು. ಸಣ್ಣ ಉರಿಯಲ್ಲಿ ನಿಧಾನವಾಗಿ ಬೆಂದ ಚಪಾತಿ ನೀರನ್ನೆಲ್ಲ ಕಳೆದುಕೊಂಡು ಹಪ್ಪಳದಂತಾಗುತ್ತದೆ. ಮೇಲೆ ಸಣ್ಣ ಗುಳ್ಳೆಗಳೆದ್ದು ಬಣ್ಣ ಮಾಸಿದೊಡನೆ ತಿರುವಿ, ಇನ್ನೊಂದು ಬದಿಯಲ್ಲಿ ಕಂದು ಚುಕ್ಕೆ ಬರುವವರೆಗೆ ಬಿಟ್ಟು, ಮತ್ತೆ ತಿರುವಿ ಬಟ್ಟೆಯಿಂದ ಅಂಚನ್ನು ಮೆಲ್ಲಗೆ ಒತ್ತಿದರೆ ಒಳಗಿನ ನೀರು ಆವಿಯಾಗಿ ಚಪಾತಿ ಉಬ್ಬುತ್ತದೆ. ಉಬ್ಬದಿದ್ದರೆ ಎಲ್ಲೋ ತೂತು ಬಿದ್ದಿದೆ, ಅಥವಾ ದಪ್ಪ ಸಮವಾಗಿಲ್ಲ ಎಂದರ್ಥ. ಬೆಂದದ್ದನ್ನು ಬರಿಯ ತಟ್ಟೆಯಲ್ಲಿಟ್ಟರೆ ತಳ ಬೆವರುತ್ತದೆ. ಬಟ್ಟೆ ಹಾಸಿದ ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟರೆ ಆವಿ ಒಳಗೇ ಸುಳಿದು ಗರಿ ಮೈ ಮೆತ್ತಗಾಗುತ್ತದೆ.

ಕೊನೆಗೆ, ತಪ್ಪು ಹುಡುಕುವ ಕ್ರಮ. ಲಟ್ಟಿಸುವಾಗಲೇ ಅಂಚು ಸೀಳಿದರೆ ನೀರು ಸಾಲದು. ಹಿಂದಕ್ಕೆ ಸೆಳೆದರೆ ನೆನೆದದ್ದು ಸಾಲದು. ಬಿಸಿಯಿದ್ದಾಗ ಚೆನ್ನಾಗಿದ್ದು ತಣ್ಣಗಾದ ಮೇಲೆ ಚರ್ಮದಂತಾದರೆ, ಹಿಟ್ಟು ಬಿಗಿಯಾಗಿತ್ತು ಅಥವಾ ಬೇಯಿಸಿದ್ದು ಅತಿಯಾಯಿತು. ಹೊಸ ಗೋಧಿ ಬೀಸಿಸಿ ತಂದಾಗ, ಇಲ್ಲವೇ ಹಿಟ್ಟಿನ ಬ್ರ್ಯಾಂಡ್ ಬದಲಿಸಿದಾಗ ಮೊದಲ ದಿನ ನೀರನ್ನು ಅಳೆದು ಹಾಕಿ, ಹಿಡಿದದ್ದೆಷ್ಟು ಎಂದು ಹಿಟ್ಟಿನ ಡಬ್ಬಿಯ ಮೇಲೆಯೇ ಬರೆದಿಡಿ. ಆ ಹಿಟ್ಟು ಮುಗಿಯುವವರೆಗೂ ಅದೇ ನಿಮ್ಮ ಅಳತೆ.