ಏಳರಲ್ಲಿ ಉಳಿದದ್ದು ಒಂದು

ಪ್ರಾಚೀನ ಜಗತ್ತಿನ ಏಳು ಅದ್ಭುತಗಳ ಪಟ್ಟಿಯನ್ನು ಯಾವ ಅರಸನೂ ಹೊರಡಿಸಲಿಲ್ಲ. ಯಾವ ವಿದ್ವತ್ಸಭೆಯೂ ಕೂಡಿ ನಿರ್ಣಯಿಸಲಿಲ್ಲ. ಅಲೆಗ್ಸಾಂಡರನ ದಿಗ್ವಿಜಯದ ತರುವಾಯ ಈಜಿಪ್ಟಿನಿಂದ ಬ್ಯಾಬಿಲೋನಿನವರೆಗಿನ ಹಾದಿಗಳು ಗ್ರೀಕರಿಗೆ ತೆರೆದುವು. ನೋಡತಕ್ಕ ಸ್ಥಳಗಳೆಂದು ಅವರ ಕವಿಗಳೂ ಬರಹಗಾರರೂ ಎಣಿಸಿದುವೇ ಕ್ರಮೇಣ ಅದ್ಭುತಗಳೆನಿಸಿದುವು. ಆ ಎಣಿಕೆಯಲ್ಲಿ ಭಾರತವಾಗಲಿ ಚೀನವಾಗಲಿ ಇಲ್ಲದಿರುವುದಕ್ಕೆ ಕಾರಣ ಇದೇ: ಗ್ರೀಕರು ಬಲ್ಲದ್ದೇ ಅವರಿಗೆ ಜಗತ್ತು.

ಏಳನ್ನೂ ಒಂದೆಡೆ ಹೇಳುವ ಒಂದು ಪುಟ್ಟ ಪದ್ಯ ಕ್ರಿ. ಪೂ. ಎರಡನೆಯ ಶತಮಾನದ ಆಂಟಿಪೇಟರ್ ಎಂಬ ಕವಿಯದೆಂದು ಪ್ರತೀತಿ. ರೋಡ್ಸ್ ದ್ವೀಪದ ಸೂರ್ಯದೇವನ ಕಂಚಿನ ಮೂರ್ತಿಯನ್ನು ತಾನು ಕಂಡೆನೆಂದು ಕವಿ ಹೇಳುತ್ತಾನೆ. ಆದರೆ ಕ್ರಿ. ಪೂ. 226ರ ಸುಮಾರಿನ ಭೂಕಂಪದಲ್ಲಿಯೇ ಆ ಮೂರ್ತಿ ಉರುಳಿತ್ತು. ಕವಿಯು ಕಂಡದ್ದೇ ನಿಜವಾದರೆ ನೆಲದ ಮೇಲೆ ಬಿದ್ದ ಮೂರ್ತಿಯನ್ನು ಕಂಡಿರಬೇಕು!

ಇನ್ನೂ ಸ್ವಾರಸ್ಯವೆಂದರೆ, ಅಲೆಗ್ಸಾಂಡ್ರಿಯದ ದೀಪಸ್ತಂಭದ ಹೆಸರೇ ಆ ಪದ್ಯದಲ್ಲಿಲ್ಲ. ಅದರ ಬದಲು ಬ್ಯಾಬಿಲೋನಿನ ಕೋಟೆಗೋಡೆಯಿದೆ. ತೂಗುತೋಟವೂ ಅದೇ ನಗರದ್ದೆಂದು ಪ್ರಸಿದ್ಧಿ. ಹೀಗೆ ಏಳರಲ್ಲಿ ಎರಡು ಒಂದೇ ಊರಿನ ಪಾಲು. ದೀಪಸ್ತಂಭವಾದರೋ ಕ್ರಿ. ಪೂ. 280ರ ಸುಮಾರಿಗೆ ಕಟ್ಟಲ್ಪಟ್ಟು, ನೂರು ಮೀಟರಿನಷ್ಟು ಎತ್ತರಕ್ಕೆ ಕಣ್ಣೆದುರೇ ನಿಂತಿತ್ತು. ಕ್ರಿ. ಶ. ಆರನೆಯ ಶತಮಾನದಲ್ಲಿ ಟೂರ್ಸ್ ನಗರದ ಬಿಷಪ್ ಗ್ರೆಗೊರಿ ಕೊಟ್ಟ ಪಟ್ಟಿಯಲ್ಲಿ ಅದು ಸೇರಿದೆ. ಆದರೆ ಅಲ್ಲಿ ನೋಹನ ನಾವೆಯೂ ಸೊಲೊಮನ್ನನ ದೇವಾಲಯವೂ ಅದ್ಭುತಗಳೇ! 1572ರಲ್ಲಿ ಡಚ್ ಚಿತ್ರಕಾರ ಹೀಮ್ಸ್‌ಕೆರ್ಕನ ಚಿತ್ರಮಾಲೆ ಅಚ್ಚಾಗಿ ಹರಡಿದಾಗ ದೀಪಸ್ತಂಭದ ಚಿತ್ರವೂ ಜನರ ಮನಸ್ಸಿನಲ್ಲಿ ನೆಲೆಗೊಂಡಿತು.

ಅಷ್ಟರಲ್ಲಿ ಸ್ತಂಭವೇ ಇರಲಿಲ್ಲ. 1303ರಲ್ಲಿಯೂ 1323ರಲ್ಲಿಯೂ ಭೂಕಂಪಗಳು ಅದನ್ನು ಅಲುಗಿಸಿದುವು. 1326ರಲ್ಲಿ ಅಲ್ಲಿಗೆ ಹೋದ ಯಾತ್ರಿಕ ಇಬ್ನ್ ಬತೂತ ಒಂದು ಮುಖ ಪಾಳುಬಿದ್ದುದನ್ನು ಕಂಡನು. 1349ರಲ್ಲಿ ಮರಳಿ ಬಂದಾಗ ಒಳಹೋಗುವುದಕ್ಕೂ ಆಗಲಿಲ್ಲ. 1477ರ ಸುಮಾರಿಗೆ ಸುಲ್ತಾನ ಕಾಯ್ತ್‌ಬೇ ಅದೇ ಸ್ಥಳದಲ್ಲಿ ಕೋಟೆ ಕಟ್ಟಿಸಿದನು. 1994ರಿಂದ ಫ್ರೆಂಚ್ ಸಂಶೋಧಕ ಎಂಪರರ್‌ನ ತಂಡದವರು ಕೋಟೆಯ ಬುಡದ ಕಡಲಿನಲ್ಲಿ ಮುಳುಗಿ, ಸಾವಿರಾರು ಕಲ್ಲುಗಳನ್ನು ಗುರುತಿಸಿದರು. ಎಲ್ಲವೂ ಸ್ತಂಭದವಲ್ಲ, ಬೇರೆಡೆಯಿಂದ ತಂದ ಇನ್ನೂ ಹಳೆಯ ಶಿಲ್ಪಗಳೂ ಅಲ್ಲಿವೆ. ಆದರೆ ಎತ್ತರದಿಂದ ಬಿದ್ದಂತೆ ಸಾಲಾಗಿ ಚೆಲ್ಲಿದ ಭಾರಿ ಗ್ರಾನೈಟ್ ಬಂಡೆಗಳು ದೀಪಸ್ತಂಭದವೇ ಎಂದು ಅವರ ಅಭಿಪ್ರಾಯ.

ಉಳಿದವುಗಳ ಪಾಡೂ ಇಂಥದೇ. ಎಫೆಸಸ್ಸಿನ ಆರ್ಟೆಮಿಸ್ ದೇವಾಲಯದ ನೆಲದಲ್ಲಿ ತುಂಡುಗಳಿಂದ ಜೋಡಿಸಿದ ಒಂಟಿ ಕಂಬವಿದೆ. ಮೌಸೋಲಸ್ ರಾಜನ ಸಮಾಧಿಯ ಕಲ್ಲುಗಳು ಬೊದ್ರುಮಿನ ಕೋಟೆಗೋಡೆ ಸೇರಿದುವು, ಶಿಲ್ಪಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಒಲಿಂಪಿಯದ ಜ್ಯೂಸ್ ಮೂರ್ತಿ ಇಲ್ಲ. ಶಿಲ್ಪಿ ಫಿಡಿಯಾಸನ ಕಾರ್ಯಶಾಲೆಯ ಗೋಡೆಗಳಿವೆ. ತೂಗುತೋಟದ ಗುರುತು ನಿಶ್ಚಯವಾಗಿ ಎಲ್ಲಿಯೂ ಸಿಕ್ಕಿಲ್ಲ.

ನಿಂತಿರುವುದು ಗೀಜಾದ ಮಹಾ ಪಿರಮಿಡ್ ಒಂದೇ. ಆಂಟಿಪೇಟರನ ಕಾಲಕ್ಕಾಗಲೇ ಅದಕ್ಕೆ ಸುಮಾರು 2,400 ವರ್ಷ ವಯಸ್ಸು. ಅದೂ ಪೂರ್ತಿ ಉಳಿದಿಲ್ಲ: ಸುಮಾರು 146 ಮೀಟರಿದ್ದ ಎತ್ತರ ಇಂದು 138ರ ಆಸುಪಾಸು, ಹೊಳೆಯುತ್ತಿದ್ದ ಹೊರಹೊದಿಕೆಯ ಸುಣ್ಣಕಲ್ಲನ್ನು ಜನ ಕಿತ್ತು ಕೈರೋ ನಗರದ ಕಟ್ಟಡಗಳಿಗೆ ಒಯ್ದರು.